ಒಂದು ನಗರ, ನೂರೆಂಟು ಏಜೆನ್ಸಿಗಳು: ಮಹಾನಗರ ಯೋಜನಾ ಸಂಸ್ಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಯಲ್ಲಿ, ಪತ್ರಗಳಲ್ಲಿ, ಓದುಗರ ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಉದಾಹರಣೆಗೆ ಹೆಚ್ಚಾಗಿ ಆರಿಸಿಕೊಂಡಿರುವುದು ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರ. ಒಂದು ಯೋಜನಾ ಸಂಸ್ಥೆಗೆ ಹಿಡಿತ ಹೇಗೆ ಸಿಗುತ್ತದೆ, ಆ ಹಿಡಿತ ಎಲ್ಲಿ ಜಾರುತ್ತದೆ ಎಂಬ ಎರಡೂ ಅಲ್ಲಿ ಚೆನ್ನಾಗಿ ಕಾಣುತ್ತವೆ.

## ಮೊದಲ ಪ್ರಶ್ನೆಗಳು

ನಗರಕ್ಕೆ ಪಾಲಿಕೆ ಇದ್ದೇ ಇದೆಯಲ್ಲ, ಇದರ ಮೇಲೆ ಇನ್ನೊಂದು ಸಂಸ್ಥೆ ಯಾಕೆ ಬೇಕು?

ಪಾಲಿಕೆಯ ಗಡಿ ಒಂದು ಕಡೆ ಮುಗಿಯುತ್ತದೆ, ನಗರ ಅಲ್ಲಿ ಮುಗಿಯುವುದಿಲ್ಲ. ಜನ ಒಂದು ಪುರಸಭೆಯಲ್ಲಿ ಮನೆ ಮಾಡಿರುತ್ತಾರೆ, ಇನ್ನೊಂದರಲ್ಲಿ ಕೆಲಸ ಮಾಡುತ್ತಾರೆ. ಮೂರನೆಯದರ ಮೂಲಕ ದಿನಾ ಓಡಾಡುತ್ತಾರೆ. ಮೇಲಿನ ಊರಿನ ಕೊಳಚೆ ಕೆಳಗಿನ ಊರಿನ ನದಿಗೆ ಬರುತ್ತದೆ. ಇದರ ಜೊತೆಗೆ ನೀರಿಗೆ ಒಂದು ಮಂಡಳಿ, ಬಸ್ಸಿಗೆ ಒಂದು ನಿಗಮ, ಹೆದ್ದಾರಿಗೆ ಒಂದು ಇಲಾಖೆ. ಪ್ರತಿಯೊಬ್ಬರಿಗೂ ತಮ್ಮದೇ ಬಜೆಟ್, ತಮ್ಮದೇ ಕಾನೂನು.

ಮಿನಿಯಾಪೊಲಿಸ್–ಸೇಂಟ್ ಪಾಲ್ ಪ್ರದೇಶದಲ್ಲಿ ನಮ್ಮ ಜಿಲ್ಲೆಗಳಂಥ 7 ಕೌಂಟಿಗಳಿವೆ, ಅವುಗಳೊಳಗೆ 180ಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿವೆ. ಇವರಲ್ಲಿ ಯಾರೂ ತಪ್ಪು ಮಾಡದಿದ್ದರೂ ಒಟ್ಟು ಫಲ ಕೆಟ್ಟದಾಗಬಹುದು. ಪ್ರತಿ ಊರೂ ತನ್ನ ಮಟ್ಟಿಗೆ ಸರಿಯಾಗಿಯೇ ಯೋಚಿಸಿರುತ್ತದೆ, ಆದರೆ ಇಡೀ ಪ್ರದೇಶವನ್ನು ಒಟ್ಟಿಗೆ ಇಟ್ಟು ನೋಡುವವರು ಯಾರೂ ಇರುವುದಿಲ್ಲ. ಆ ಕೆಲಸಕ್ಕೆ ಹುಟ್ಟಿದ್ದು ಮಹಾನಗರ ಯೋಜನಾ ಸಂಸ್ಥೆ.

ಎಲ್ಲಾ ದೇಶದಲ್ಲೂ ಒಂದೇ ತರಹ ಇರುತ್ತಾ?

ಇಲ್ಲ, ತುಂಬಾ ವ್ಯತ್ಯಾಸ ಇದೆ.

ಲಂಡನ್‌ನಲ್ಲಿ ಇಡೀ ನಗರಕ್ಕಿದ್ದ ಕೌನ್ಸಿಲನ್ನು 1986ರಲ್ಲಿ ರದ್ದು ಮಾಡಿದರು. 2000ದಲ್ಲಿ ಚುನಾಯಿತ ಮೇಯರ್ ಇರುವ ಹೊಸ ಪ್ರಾಧಿಕಾರ ತಂದರು. ಅಲ್ಲಿನ 32 ಬರೋಗಳು, ಅಂದರೆ ನಗರದೊಳಗಿನ ಸ್ಥಳೀಯ ಆಡಳಿತಗಳು, ತಮ್ಮ ಯೋಜನೆ ತಾವೇ ಮಾಡಿಕೊಳ್ಳುತ್ತವೆ, ಆದರೆ ಅದು ಮೇಯರ್‌ನ ಲಂಡನ್ ಪ್ಲಾನ್‌ಗೆ ಒಟ್ಟಾರೆಯಾಗಿ ಹೊಂದಬೇಕು. ಪೋರ್ಟ್‌ಲ್ಯಾಂಡ್‌ನಲ್ಲಿ ಪ್ರಾದೇಶಿಕ ಸಂಸ್ಥೆಗೆ ಜನರೇ ನೇರವಾಗಿ ಮತ ಹಾಕುತ್ತಾರೆ. ಅಮೆರಿಕದ ಉಳಿದ ಹೆಚ್ಚಿನ ನಗರಗಳಲ್ಲಿ ಇರುವುದು ಸಾರಿಗೆ ಯೋಜನೆಗೆ ಸೀಮಿತವಾದ ಸಂಸ್ಥೆ.

ಭಾರತದಲ್ಲಿ 1992ರ 74ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಸೇರಿದ 243ಝಡ್‌ಇ ವಿಧಿ ಮಹಾನಗರ ಯೋಜನಾ ಸಮಿತಿಯ ಬಗ್ಗೆ ಹೇಳುತ್ತದೆ. 10 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಮಹಾನಗರ ಪ್ರದೇಶಕ್ಕೆ ಇದು ಅನ್ವಯ. ಕನಿಷ್ಠ ಮೂರನೇ ಎರಡು ಭಾಗ ಸದಸ್ಯರನ್ನು ನಗರಸಭೆಗಳ ಚುನಾಯಿತ ಸದಸ್ಯರು ಮತ್ತು ಪಂಚಾಯಿತಿ ಅಧ್ಯಕ್ಷರು ತಮ್ಮೊಳಗಿಂದಲೇ ಆರಿಸಬೇಕು. ಸಮಿತಿ ಕರಡು ಯೋಜನೆ ಮಾಡಿ ರಾಜ್ಯ ಸರ್ಕಾರಕ್ಕೆ ಕಳಿಸುತ್ತದೆ. ಕಳಿಸಿದ ಮೇಲೆ ಏಜೆನ್ಸಿಗಳು ಅದನ್ನು ಪಾಲಿಸುವಂತೆ ಮಾಡಲು ಸಮಿತಿಯ ಕೈಯಲ್ಲಿ ದುಡ್ಡೂ ಇಲ್ಲ, ಅನುಮತಿ ಕೊಡುವ ಅಧಿಕಾರವೂ ಇಲ್ಲ. ವಿಧಿಯಲ್ಲಿ ಸದಸ್ಯರ ಲೆಕ್ಕ ಇಷ್ಟು ವಿವರವಾಗಿದ್ದು, ಹಿಡಿತದ ಬಗ್ಗೆ ಏನೂ ಇಲ್ಲದಿರುವುದು ನನಗೆ ಯಾವಾಗಲೂ ಎದ್ದು ಕಾಣುತ್ತದೆ.

## ಹಿಡಿತದ ಪ್ರಶ್ನೆಗಳು

ಎಲ್ಲರನ್ನೂ ಕೂರಿಸಿ ತಿಂಗಳಿಗೊಂದು ಸಮನ್ವಯ ಸಭೆ ಮಾಡಿದ್ರೆ ಸಾಕಲ್ವಾ?

ಸಭೆ ಬೇಕು, ಆದರೆ ಸಭೆಯೊಂದೇ ಸಾಕಾಗುವುದಿಲ್ಲ. ಯೋಚಿಸಿ ನೋಡಿ: ನೀರಿನ ಮಂಡಳಿಯ ಎಂಜಿನಿಯರ್ ಸಭೆಯಲ್ಲಿ "ಆಯ್ತು" ಅಂತ ತಲೆಯಾಡಿಸಿ ವಾಪಸ್ ಹೋಗುತ್ತಾರೆ. ಅವರಿಗೆ ಬಡ್ತಿ ಕೊಡುವವರು, ಬಜೆಟ್ ಕೊಡುವವರು, ಕೆಲಸ ತಡವಾದರೆ ನೋಟಿಸ್ ಕೊಡುವವರು ಎಲ್ಲರೂ ಮಂಡಳಿಯ ಒಳಗೇ ಇದ್ದಾರೆ. ಸಭೆಯ ಮಾತು ಕೇಳದಿದ್ದರೆ ಅವರಿಗೆ ಆಗುವ ನಷ್ಟ ಏನೂ ಇಲ್ಲ.

ಆದ್ದರಿಂದ ಯಾವುದೇ ಯೋಜನಾ ಸಂಸ್ಥೆಯನ್ನು ನೋಡುವಾಗ ಕೇಳಬೇಕಾದ್ದು ಒಂದೇ: ಇವರು "ಇಲ್ಲ" ಅಂದರೆ ಯಾವ ಕೆಲಸ ನಿಲ್ಲುತ್ತದೆ? ಚೆನ್ನಾಗಿ ನಡೆಯುವ ಕಡೆಗಳಲ್ಲಿ ಸಂಸ್ಥೆಯ ಕೈಯಲ್ಲಿ ಏಜೆನ್ಸಿಗಳಿಗೆ ಬೇಕಾದ ಏನಾದರೂ ಇರುತ್ತದೆ. ಒಳಚರಂಡಿ ಸಂಪರ್ಕ ಇರಬಹುದು, ಕೇಂದ್ರದ ಅನುದಾನಕ್ಕೆ ಬೇಕಾದ ಸಹಿ ಇರಬಹುದು, ಸ್ಥಳೀಯ ಯೋಜನೆಗೆ ಒಪ್ಪಿಗೆ ಇರಬಹುದು. ಅದು ಇದ್ದಾಗ ಸಭೆಗೂ ಜೀವ ಬರುತ್ತದೆ. ಇಲ್ಲದಿದ್ದರೆ ಸುಮ್ನೆ ನಡಾವಳಿ ಬರೆದಿಡುವುದಷ್ಟೇ.

ಮಿನಿಯಾಪೊಲಿಸ್–ಸೇಂಟ್ ಪಾಲ್ ಅಂತ ಎಲ್ಲರೂ ಹೇಳ್ತಾರೆ. ಅಲ್ಲಿ ಅಂಥದ್ದೇನಾಯ್ತು?

ಬಾವಿ ನೀರು ಕೆಟ್ಟಿತು. ಎರಡನೇ ಮಹಾಯುದ್ಧದ ನಂತರ ಅವಳಿ ನಗರದ ಸುತ್ತ ಹೊಸ ಬಡಾವಣೆಗಳು ಭರದಿಂದ ಎದ್ದವು. ಹೆಚ್ಚಿನ ಮನೆಗಳಿಗೆ ಹಿತ್ತಲಲ್ಲೇ ಬಾವಿ, ಹಿತ್ತಲಲ್ಲೇ ಸೆಪ್ಟಿಕ್ ಟ್ಯಾಂಕ್. ಟ್ಯಾಂಕಿನಿಂದ ಇಂಗಿದ ಕೊಳಚೆ ಬಾವಿಗೆ ಸೇರತೊಡಗಿತು. 1959ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ಉಪನಗರಗಳ ಬಾವಿಗಳನ್ನು ಪರೀಕ್ಷೆ ಮಾಡಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಬಾವಿಗಳ ನೀರು ಮಲಿನವಾಗಿತ್ತು.

ಮದ್ದು ಏನು ಅಂತ ಎಲ್ಲರಿಗೂ ಗೊತ್ತಿತ್ತು: ಒಳಚರಂಡಿ ಬೇಕು. ಜಗಳ ಇದ್ದದ್ದು ಯಾರ ಒಳಚರಂಡಿ, ಯಾರ ದುಡ್ಡು ಎಂಬುದರಲ್ಲಿ. ಎರಡು ದೊಡ್ಡ ನಗರಗಳಿಗೆ ಸೇರಿದ ಶುದ್ಧೀಕರಣ ಘಟಕ ಮೊದಲೇ ಇತ್ತು. ಉಪನಗರಗಳು ಅದಕ್ಕೆ ಸೇರಬೇಕೇ, ಸೇರಿದರೆ ಎಷ್ಟು ಕೊಡಬೇಕು, ಇಲ್ಲಾ ತಮ್ಮದೇ ಘಟಕ ಕಟ್ಟಿ ನಗರಗಳಿಗಿಂತ ಮೇಲ್ಹರಿವಿನಲ್ಲೇ ನದಿಗೆ ಬಿಡಬೇಕೇ? ಶಾಸನಸಭೆಯಲ್ಲಿ ವರ್ಷಗಟ್ಟಲೆ ಇದು ಇತ್ಯರ್ಥವಾಗಲಿಲ್ಲ. ಕೊನೆಗೆ 1967ರಲ್ಲಿ ಮಿನೆಸೋಟ ರಾಜ್ಯ ಮೆಟ್ರೊಪಾಲಿಟನ್ ಕೌನ್ಸಿಲ್ ಸ್ಥಾಪಿಸಿತು. 1969ರಲ್ಲಿ ಅದರ ಕೆಳಗೆ ಒಂದು ಒಳಚರಂಡಿ ಮಂಡಳಿ ಬಂದು, ಅಲ್ಲಲ್ಲಿ ಚದುರಿದ್ದ ಮೂವತ್ತಕ್ಕೂ ಹೆಚ್ಚು ಘಟಕಗಳನ್ನು ವಹಿಸಿಕೊಂಡಿತು. ಚಿಕ್ಕವನ್ನು ಮುಚ್ಚಿ, ದೊಡ್ಡ ಪೈಪ್ ಎಳೆದು, ಕಡೆಗೆ ಒಂಬತ್ತಕ್ಕೆ ತಂದರು.

ಯೋಜನೆಯ ದೊಡ್ಡ ಆದರ್ಶದಿಂದ ಹುಟ್ಟಿದ ಸಂಸ್ಥೆ ಅಲ್ಲ ಇದು. ಎಲ್ಲರ ಮನೆ ನಲ್ಲಿಯಲ್ಲೂ ಕಾಣುವ ಒಂದು ತೊಂದರೆ ಇತ್ತು, ಅದನ್ನು ಒಂದೊಂದೇ ಊರು ಸರಿಮಾಡಲು ಆಗುತ್ತಿರಲಿಲ್ಲ. ಹಾಗಾಗಿ ಶುರುವಿನಿಂದಲೇ ಅದರ ಕೈಗೆ ಗಟ್ಟಿ ಸಾಧನ ಸಿಕ್ಕಿತು.

ಒಳಚರಂಡಿ ಪೈಪ್ ಕೈಯಲ್ಲಿದ್ರೆ ಊರು ಬೆಳೆಯೋ ದಿಕ್ಕು ಹೇಗೆ ಹಿಡಿತಕ್ಕೆ ಬರುತ್ತೆ?

ಒಳಚರಂಡಿ ಇಲ್ಲದ ಕಡೆ ಒತ್ತೊತ್ತಾಗಿ ಮನೆ ಕಟ್ಟಲು ಆಗುವುದಿಲ್ಲ. ಪ್ರತಿ ಮನೆಗೂ ಸೆಪ್ಟಿಕ್ ಟ್ಯಾಂಕ್ ಮತ್ತು ಇಂಗುವ ಜಾಗ ಬೇಕು, ಅಂದರೆ ನಿವೇಶನ ದೊಡ್ಡದಾಗಬೇಕು. ಹಾಗಾಗಿ ಮುಖ್ಯ ಪೈಪ್ ಯಾವ ಕಡೆಗೆ, ಯಾವ ವರ್ಷ ಹೋಗುತ್ತದೆ ಎಂದು ನಿರ್ಧರಿಸುವವರು ಬಡಾವಣೆ ಎಲ್ಲಿ, ಯಾವಾಗ ಬರುತ್ತದೆ ಎಂಬುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತಾರೆ.

ಮಿನೆಸೋಟದಲ್ಲಿ ಇದಕ್ಕೆ 1976ರ ಕಾನೂನಿನಿಂದ ಒಂದು ಕ್ರಮ ಇದೆ. ಹತ್ತು ವರ್ಷಕ್ಕೊಮ್ಮೆ ಕೌನ್ಸಿಲ್ ಇಡೀ ಪ್ರದೇಶಕ್ಕೆ ಎಷ್ಟು ಜನ, ಎಷ್ಟು ಮನೆ, ಎಷ್ಟು ಉದ್ಯೋಗ ಬರುತ್ತದೆ ಎಂದು ಅಂದಾಜು ಮಾಡಿ, ಊರೂರಿಗೂ ಹಂಚುತ್ತದೆ. ಆಮೇಲೆ ಪ್ರತಿ ಊರಿಗೂ ಒಂದು ಹೇಳಿಕೆ ಕಳಿಸುತ್ತದೆ: ನಿಮ್ಮ ಪಾಲಿನ ಜನಸಂಖ್ಯೆ ಇಷ್ಟು, ನಿಮ್ಮ ಕಡೆ ಬರುವ ಒಳಚರಂಡಿ ಇದು, ಹೆದ್ದಾರಿ ಇದು, ಪಾರ್ಕ್ ಇದು. ಊರು ಮೂರು ವರ್ಷದೊಳಗೆ ತನ್ನ ಯೋಜನೆಯನ್ನು ಅದಕ್ಕೆ ತಕ್ಕಂತೆ ತಿದ್ದಬೇಕು. ಕೌನ್ಸಿಲ್‌ಗೆ ಕೊಡುವ ಮೊದಲು ಅದನ್ನು ಪಕ್ಕದ ಊರುಗಳಿಗೂ ಸಂಬಂಧಪಟ್ಟ ಶಾಲಾ ಜಿಲ್ಲೆಗಳಿಗೂ ತೋರಿಸಬೇಕು. ನಿಜವಾದ ಸಮನ್ವಯ ಬಹಳಷ್ಟು ಸಲ ಈ ಹಂತದಲ್ಲೇ ಆಗುತ್ತದೆ. ಒಂದೇ ರಸ್ತೆಯನ್ನು ಎರಡು ಊರು ಎರಡು ಅಗಲದಲ್ಲಿ ಗುರುತಿಸಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಲೆಕ್ಕ ಹೇಗೆ ಕೂಡುತ್ತದೆ ನೋಡಿ. ಒಂದು ಮನೆ ಅಂದರೆ ಲೆಕ್ಕದಲ್ಲಿ ಒಂದು ಯೂನಿಟ್, ದಿನಕ್ಕೆ 274 ಗ್ಯಾಲನ್, ಸುಮಾರು 1,040 ಲೀಟರ್ ಸಾಮರ್ಥ್ಯ ಕಾಯ್ದಿರಿಸಿದಂತೆ. ಹೊಸ ಸಂಪರ್ಕಕ್ಕೆ ಪ್ರತಿ ಯೂನಿಟ್ಟಿಗೂ ಒಂದು ಸಲದ ಶುಲ್ಕ ಇದೆ. 2014ರಿಂದ ಹಲವು ವರ್ಷ ಅದು 2,485 ಡಾಲರ್ ಇತ್ತು. 100 ಮನೆಯ ಬಡಾವಣೆ ಬಂದರೆ ದಿನಕ್ಕೆ ಸುಮಾರು 1 ಲಕ್ಷ ಲೀಟರ್ ಸಾಮರ್ಥ್ಯ ಬೇಕು, ಶುಲ್ಕ 2,48,500 ಡಾಲರ್. ಪೈಪ್ ಹಾಕುವುದು ಹಲವು ದಶಕಗಳ ಲೆಕ್ಕದಲ್ಲಿ. 1,000 ಮನೆಗೆ ಅಂತ ಪೈಪ್ ಹಾಕಿ, ಊರಿನವರು ಎಕರೆಗೊಂದು ಮನೆ ಸಾಕು ಎಂದು 200 ಮನೆಗೆ ನಿಲ್ಲಿಸಿದರೆ, ಉಳಿದ ಖರ್ಚು ಇಡೀ ಪ್ರದೇಶದ ಜನರ ಬಿಲ್ಲಿಗೆ ಬೀಳುತ್ತದೆ. ಅದಕ್ಕೇ ಪೈಪ್ ಬರುವ ಹೊಸ ಜಾಗದಲ್ಲಿ ಎಕರೆಗೆ ಕನಿಷ್ಠ 3 ಮನೆ ಇರಬೇಕು ಎಂಬಂಥ ಷರತ್ತು ಹಾಕುತ್ತಾ ಬಂದಿದ್ದಾರೆ.

ಒಂದು ಊರು "ನಮಗೆ ಬೆಳೆಯೋದೇ ಬೇಡ" ಅಂತ ಕೂತರೆ?

ಲೇಕ್ ಎಲ್ಮೊ ಎಂಬ ಊರು ಹಾಗೇ ಕೂತಿತು. ಅದು ಸೇಂಟ್ ಪಾಲ್‌ನ ಪೂರ್ವಕ್ಕಿದೆ, ಪಕ್ಕದಲ್ಲೇ ದೊಡ್ಡ ಹೆದ್ದಾರಿ. ಊರಿನವರಿಗೆ ಹೊಲ, ತೋಪು, ದೂರ ದೂರದ ಮನೆಗಳು ಹಾಗೇ ಉಳಿಯಬೇಕಿತ್ತು. ಮೆಟ್ರೊಪಾಲಿಟನ್ ಕೌನ್ಸಿಲ್‌ನ ವಾದ ಬೇರೆ: ಹೆದ್ದಾರಿ ಇದೆ, ಒಳಚರಂಡಿಗೆ ಸಾಮರ್ಥ್ಯ ಇದೆ, ಇಲ್ಲಿ ಬರಬೇಕಾದ ಮನೆಗಳು ಇಲ್ಲಿ ಬರದಿದ್ದರೆ ಇನ್ನೂ ದೂರ ಹೋಗುತ್ತವೆ, ಅಲ್ಲಿಗೆ ಹೊಸ ಪೈಪ್ ಹಾಕಬೇಕಾಗುತ್ತದೆ. ಯೋಜನೆ ತಿದ್ದಿ ಎಂದು ಕೌನ್ಸಿಲ್ ಹೇಳಿತು. ಊರು ಕೋರ್ಟಿಗೆ ಹೋಯಿತು.

2004ರಲ್ಲಿ ಮಿನೆಸೋಟ ಸುಪ್ರೀಂ ಕೋರ್ಟ್ ಕೌನ್ಸಿಲ್ ಪರವಾಗಿ ತೀರ್ಪು ಕೊಟ್ಟಿತು. ಕಾನೂನಿನ ಪ್ರಕಾರ, ಸ್ಥಳೀಯ ಯೋಜನೆಯಿಂದ ಪ್ರಾದೇಶಿಕ ವ್ಯವಸ್ಥೆಗಳ ಮೇಲೆ ಗಣನೀಯ ಪರಿಣಾಮ ಆಗುವಂತಿದ್ದರೆ, ಅಥವಾ ಅದು ಅವುಗಳಿಂದ ಗಣನೀಯವಾಗಿ ದೂರ ಸರಿದಿದ್ದರೆ, ತಿದ್ದಿಸುವ ಅಧಿಕಾರ ಕೌನ್ಸಿಲ್‌ಗೆ ಇದೆ. ಆಮೇಲೆ ಊರಿನ ಒಂದಷ್ಟು ಭಾಗಕ್ಕೆ ಒಳಚರಂಡಿ ಬಂತು, ಹೊಸ ಮನೆಗಳೂ ಬಂದವು. ಉಳಿದ ಕಡೆ ಹಳ್ಳಿಯ ಚಹರೆ ಉಳಿಯಿತು.

ಇಲ್ಲಿ ಅಧಿಕಾರದ ಗೆರೆಯನ್ನು ಗಮನಿಸಿ. ಕೌನ್ಸಿಲ್ ಯಾವ ನಿವೇಶನದಲ್ಲಿ ಎಂಥ ಮನೆ ಅಂತ ಹೇಳಲಾರದು. ಪೈಪ್, ಹೆದ್ದಾರಿ, ವಿಮಾನ ನಿಲ್ದಾಣ, ಪಾರ್ಕ್ ಇಂಥ ಪ್ರಾದೇಶಿಕ ವ್ಯವಸ್ಥೆಗೆ ಪೆಟ್ಟು ಬೀಳುತ್ತದೆ ಎಂದು ತೋರಿಸಿದರೆ ಮಾತ್ರ ಅದು ಕೈಹಾಕಬಹುದು. ಈ ಅಧಿಕಾರದ ವ್ಯಾಪ್ತಿ ಚಿಕ್ಕದಾಗಿದ್ದಕ್ಕೇ ಅದು ಕೋರ್ಟಿನಲ್ಲಿ ನಿಂತಿತು ಎನ್ನುವುದು ನನ್ನ ಅಭಿಪ್ರಾಯ.

## ದುಡ್ಡಿನ ಪ್ರಶ್ನೆಗಳು

ಹೆದ್ದಾರಿ ಇಲಾಖೆ, ಬಸ್ ನಿಗಮ, ಪಾಲಿಕೆ ಎಲ್ಲರ ಕಾಮಗಾರಿ ಒಂದೇ ಪಟ್ಟಿಗೆ ಹೇಗೆ ಬರುತ್ತೆ?

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ದುಡ್ಡಿಲ್ಲ ಎಂಬ ನಿಯಮ ಇದ್ದಾಗ ತಾನಾಗಿಯೇ ಬರುತ್ತದೆ. ಅಮೆರಿಕದ ಕೇಂದ್ರ ಸರ್ಕಾರ 1962ರ ಹೆದ್ದಾರಿ ಕಾನೂನಿನಲ್ಲಿ 50,000ಕ್ಕಿಂತ ಹೆಚ್ಚು ಜನ ಇರುವ ನಗರ ಪ್ರದೇಶಗಳಿಗೆ ಒಟ್ಟಾಗಿ ಸಾರಿಗೆ ಯೋಜನೆ ಮಾಡುವ ಷರತ್ತು ಹಾಕಿತು. 1991ರ ಕಾನೂನು ಅದಕ್ಕೆ ಹಲ್ಲು ಕೊಟ್ಟಿತು. ಕನಿಷ್ಠ 20 ವರ್ಷ ಮುಂದಕ್ಕೆ ನೋಡುವ ಒಂದು ಯೋಜನೆ ಬೇಕು. ಅದರೊಳಗಿಂದ ಆರಿಸಿದ ಹತ್ತಿರದ ವರ್ಷಗಳ ಕಾಮಗಾರಿ ಪಟ್ಟಿಯೂ ಬೇಕು, ಈಗ ಅದು ಕನಿಷ್ಠ ನಾಲ್ಕು ವರ್ಷದ್ದು. ಕೇಂದ್ರದ ಸಾರಿಗೆ ಅನುದಾನ ಬಳಸುವ ರಸ್ತೆ, ಸೇತುವೆ, ಬಸ್ ಯಾವುದೇ ಇರಲಿ, ಈ ಪಟ್ಟಿಯಲ್ಲಿ ಇರಲೇಬೇಕು. ಪಟ್ಟಿಗೆ ಪ್ರಾದೇಶಿಕ ಸಂಸ್ಥೆಯ ಜೊತೆಗೆ ರಾಜ್ಯಪಾಲರ ಒಪ್ಪಿಗೆಯೂ ಬೇಕು. ಅಲ್ಲಿ ರಾಜ್ಯಪಾಲರು ಚುನಾಯಿತರು, ರಾಜ್ಯ ಸರ್ಕಾರದ ಮುಖ್ಯಸ್ಥರು.

ಇದರಲ್ಲಿ ನಿಜವಾದ ಬಿಗಿ ಇರುವುದು ಇನ್ನೊಂದು ನಿಯಮದಲ್ಲಿ: ಪಟ್ಟಿಯ ಒಟ್ಟು ಖರ್ಚು ನಂಬಿಕೆಗೆ ಅರ್ಹವಾದ ಆದಾಯವನ್ನು ಮೀರುವಂತಿಲ್ಲ. ಉದಾಹರಣೆಗೆ ನಾಲ್ಕು ವರ್ಷಕ್ಕೆ 100 ಕೋಟಿ ಬರುತ್ತದೆ, ಪಟ್ಟಿಯೂ 100 ಕೋಟಿಗೆ ಸರಿಯಾಗಿ ತುಂಬಿದೆ ಎಂದುಕೊಳ್ಳಿ. ಹೆದ್ದಾರಿ ಇಲಾಖೆ ಬಂದು ತನ್ನ 30 ಕೋಟಿ ಸೇತುವೆಗೆ 45 ಕೋಟಿ ಆಗುತ್ತದೆ ಅನ್ನುತ್ತದೆ. ಹೊಸ ದುಡ್ಡಿನ ಮೂಲ ತೋರಿಸದಿದ್ದರೆ ಆ 15 ಕೋಟಿ ಪಟ್ಟಿಯ ಒಳಗಿಂದಲೇ ಬರಬೇಕು. ಬಸ್ ಡಿಪೊ ಎರಡು ವರ್ಷ ಮುಂದಕ್ಕೆ ಹೋಗಬೇಕು, ಇಲ್ಲಾ ಸೇತುವೆಯ ಒಂದು ಭಾಗ ಕೈಬಿಡಬೇಕು. ಯಾರದು ಹೋಗಬೇಕು ಎಂಬ ಜಗಳ ತಿದ್ದುಪಡಿಯ ರೂಪದಲ್ಲಿ ಎಲ್ಲರೆದುರು ಮೇಜಿಗೆ ಬರುತ್ತದೆ. ಆದಾಯದ ಮಿತಿ ಇಲ್ಲದ ಪಟ್ಟಿಯಲ್ಲಿ ಎಲ್ಲರ ಕಾಮಗಾರಿಗೂ ಜಾಗ ಇರುತ್ತದೆ, ಯಾರೂ ಯಾರೊಂದಿಗೂ ಮಾತಾಡಬೇಕಾಗಿಲ್ಲ.

ಮಾಲ್ ಪಕ್ಕದ ಊರಿಗೆ, ಟ್ರಾಫಿಕ್ ನಮ್ಮ ಊರಿಗೆ. ತೆರಿಗೆ ಅವರಿಗೇ ಜಾಸ್ತಿ. ಇದಕ್ಕೇನಾದ್ರೂ ದಾರಿ ಇದೆಯಾ?

ಮಿನೆಸೋಟ 1971ರಲ್ಲಿ ಒಂದು ದಾರಿ ಕಂಡುಕೊಂಡಿತು. ವಾಣಿಜ್ಯ ಮತ್ತು ಕೈಗಾರಿಕಾ ಆಸ್ತಿಯ ಮೌಲ್ಯ 1971ರಿಂದ ಈಚೆಗೆ ಎಷ್ಟು ಬೆಳೆದಿದೆಯೋ ಅದರ ಶೇ 40 ಭಾಗ ಇಡೀ ಪ್ರದೇಶದ ಒಂದು ಸಾಮಾನ್ಯ ನಿಧಿಗೆ ಸೇರುತ್ತದೆ. ಒಂದು ಊರಿನ ಇಂಥ ಆಸ್ತಿ ಆಗ 10 ಕೋಟಿ ಇತ್ತು, ಈಗ 30 ಕೋಟಿ ಆಗಿದೆ ಎಂದುಕೊಳ್ಳಿ. ಬೆಳೆದದ್ದು 20 ಕೋಟಿ. ಅದರಲ್ಲಿ 8 ಕೋಟಿ ನಿಧಿಗೆ, 22 ಕೋಟಿ ಊರಿಗೇ. ನಿಧಿಯನ್ನು ಹಂಚುವಾಗ ಜನಸಂಖ್ಯೆ ನೋಡುತ್ತಾರೆ, ತಲಾ ಆಸ್ತಿ ಮೌಲ್ಯ ಕಡಿಮೆ ಇರುವ ಊರಿಗೆ ಹೆಚ್ಚು ಪಾಲು ಕೊಡುತ್ತಾರೆ.

ನಿಧಿಗೆ ಕೊಡಬೇಕಾದ ಬರ್ನ್ಸ್‌ವಿಲ್ ಎಂಬ ಉಪನಗರ ಕೋರ್ಟಿಗೆ ಹೋಯಿತು, 1974ರಲ್ಲಿ ಸೋತಿತು. ಒಂದು ತಪ್ಪು ತಿಳಿವಳಿಕೆ ಇಲ್ಲಿ ಸಾಮಾನ್ಯ: ಇದನ್ನು ಮೆಟ್ರೊಪಾಲಿಟನ್ ಕೌನ್ಸಿಲ್ ನಡೆಸುತ್ತದೆ ಅಂತ ಬಹಳ ಜನ ಬರೆಯುತ್ತಾರೆ. ಇಲ್ಲ, ಇದು ರಾಜ್ಯದ ತೆರಿಗೆ ಕಾನೂನು, ಲೆಕ್ಕ ಮಾಡುವವರು ಕೌಂಟಿ ಆಡಿಟರ್‌ಗಳು. ಬಹುಶಃ ಅದಕ್ಕೇ ಗದ್ದಲವಿಲ್ಲದೆ ಇಷ್ಟು ದಶಕ ನಡೆದಿದೆ. ಇದರಿಂದ ಊರುಗಳು ಮಾಲ್‌ಗಾಗಿ ಪೈಪೋಟಿ ಮಾಡುವುದು ನಿಂತಿಲ್ಲ, ಶೇ 60 ಇನ್ನೂ ಊರಿಗೇ ಉಳಿಯುತ್ತದಲ್ಲ. ಸೋತ ಊರಿಗೆ ಬರಿಗೈ ಆಗುವುದು ಮಾತ್ರ ತಪ್ಪಿದೆ.

## ಒಳಹೊಕ್ಕು ನೋಡುವವರ ಪ್ರಶ್ನೆಗಳು

ಯೋಜನೆ ಮಾಡೋರೇ ಬಸ್ಸೂ ಓಡಿಸಬೇಕಾ, ಅಥವಾ ಬೇರೆ ಬೇರೆ ಇರಬೇಕಾ?

ಎರಡರಲ್ಲೂ ನಷ್ಟ ಇದೆ. ಅವಳಿ ನಗರದಲ್ಲಿ 1994ರವರೆಗೆ ಬಸ್ಸಿಗೆ, ಕೊಳಚೆ ಶುದ್ಧೀಕರಣಕ್ಕೆ ಬೇರೆ ಬೇರೆ ಆಯೋಗಗಳಿದ್ದವು. ಕೌನ್ಸಿಲ್ ನೀತಿ ಹೇಳುತ್ತಿತ್ತು, ಆಯೋಗಗಳು ತಮಗೆ ತೋಚಿದಂತೆ ನಡೆಯುತ್ತಿದ್ದವು. ಆ ವರ್ಷ ಅವೆಲ್ಲವನ್ನೂ ಕೌನ್ಸಿಲ್ ಒಳಗೇ ಸೇರಿಸಿದರು. ಮಾತು ಕೇಳದ ಸಮಸ್ಯೆ ಹೋಯಿತು.

ಬದಲಿಗೆ ಇನ್ನೊಂದು ಬಂತು: ಕಟ್ಟುವವರನ್ನು ಪ್ರಶ್ನಿಸುವವರು ಯಾರು? ನೈಋತ್ಯ ಉಪನಗರಗಳ ಕಡೆಗೆ ಹೋಗುವ ಸುಮಾರು 23 ಕಿಲೋಮೀಟರ್ ಲಘು ರೈಲು ಮಾರ್ಗವನ್ನು ಕಟ್ಟಿಸುವ ಕೆಲಸಕ್ಕೆ ಕೌನ್ಸಿಲ್ ತಾನೇ ಕೈಹಾಕಿತು. ಇಕ್ಕಟ್ಟಾದ ಕೆನಿಲ್‌ವರ್ತ್ ಕಾರಿಡಾರಿನ ಸುರಂಗದಲ್ಲಿ ಕೆಲಸ ಸಿಕ್ಕಿಹಾಕಿಕೊಂಡಿತು. 2 ಬಿಲಿಯನ್ ಡಾಲರ್ ಆಸುಪಾಸಿನಲ್ಲಿದ್ದ ಅಂದಾಜು 2.7 ಬಿಲಿಯನ್ ದಾಟಿತು, ವರ್ಷಗಟ್ಟಲೆ ತಡವಾಯಿತು. ಖರ್ಚು ಮತ್ತು ವಿಳಂಬದ ವಿಷಯವನ್ನು ಕೌನ್ಸಿಲ್ ಸರಿಯಾಗಿ ತಿಳಿಸಲಿಲ್ಲ ಎಂದು ರಾಜ್ಯ ಶಾಸನಸಭೆಯ ಲೆಕ್ಕಪರಿಶೋಧಕರು ಟೀಕಿಸಿದರು. ಬೇರೆ ಯಾರೋ ಕಟ್ಟುತ್ತಿದ್ದರೆ ಕೌನ್ಸಿಲ್ಲೇ ಈ ಪ್ರಶ್ನೆ ಮೊದಲು ಕೇಳುತ್ತಿತ್ತೋ ಏನೋ. ನನ್ನನ್ನು ಕೇಳಿದರೆ, ದಿನಾ ನಡೆಸುವ ಸೇವೆ ಯೋಜಕರ ಕೈಯಲ್ಲಿರಲಿ, ದೊಡ್ಡ ನಿರ್ಮಾಣ ಬೇರೆಯವರಿಗೆ ಹೋಗಲಿ.

ಇಂಥ ಸಂಸ್ಥೆಯ ಸದಸ್ಯರನ್ನ ನಾವು ಆರಿಸ್ತೀವಾ?

ಹೆಚ್ಚಾಗಿ ಇಲ್ಲ. ಮಿನೆಸೋಟದ ಕೌನ್ಸಿಲ್‌ನ 17 ಸದಸ್ಯರನ್ನೂ ರಾಜ್ಯಪಾಲರೇ ನೇಮಿಸುತ್ತಾರೆ. ಸರ್ಕಾರ ಬದಲಾದರೆ ಕೌನ್ಸಿಲ್‌ನ ಒಲವೂ ಬದಲಾಗುತ್ತದೆ. ಬೇರೆ ಹಲವು ಕಡೆ ಪ್ರತಿ ಊರಿನ ಮೇಯರ್ ಬಂದು ಕೂರುತ್ತಾರೆ. ಅಲ್ಲಿ ತೊಂದರೆ ಬೇರೆ: ಊರಿಗೊಂದು ಮತ ಎಂದಾದರೆ ಅರ್ಧ ಜನಸಂಖ್ಯೆ ಇರುವ ಮುಖ್ಯ ನಗರಕ್ಕೂ ಒಂದೇ ಮತ, ಪುಟ್ಟ ಉಪನಗರಕ್ಕೂ ಒಂದೇ ಮತ. ಮೇಯರ್‌ಗಳು "ನಿಮ್ಮ ರಸ್ತೆಗೆ ನಾನು, ನನ್ನ ರಸ್ತೆಗೆ ನೀವು" ಅಂತ ಹಂಚಿಕೊಂಡು ಹೋಗುವುದೂ ಉಂಟು.

ನಗರ ಈ ಸಂಸ್ಥೆಯ ಗಡಿಯನ್ನೂ ದಾಟಿ ಬೆಳೆದ್ರೆ?

ದಾಟಿಯೇ ದಾಟುತ್ತದೆ. ಅವಳಿ ನಗರದ ಕೌನ್ಸಿಲ್‌ಗೆ 1967ರಲ್ಲಿ ಕೊಟ್ಟ 7 ಕೌಂಟಿ ಇಂದಿಗೂ 7ಕ್ಕೇ ನಿಂತಿವೆ. ಜನಗಣತಿಯವರು ಅದೇ ಮಹಾನಗರ ಪ್ರದೇಶವನ್ನು 15 ಕೌಂಟಿ ಅಂತ ಲೆಕ್ಕ ಹಾಕುತ್ತಾರೆ. ಅವುಗಳಲ್ಲಿ ಕೆಲವು ಪಕ್ಕದ ವಿಸ್ಕಾನ್ಸಿನ್ ರಾಜ್ಯದಲ್ಲಿವೆ. ಒಳಗೆ ಪೈಪಿನ ನಿಯಮ ಬಿಗಿಯಾದಾಗ ಕೆಲವು ಬಡಾವಣೆಗಳು ಗಡಿ ಹಾರಿ ಹೊರಗಿನ ಕೌಂಟಿಗೆ ಹೋದವು. ಅಲ್ಲಿನ ಜನ ಕೆಲಸಕ್ಕೆ ಒಳಗೇ ಬರುತ್ತಾರೆ. ಗಡಿ ವಿಸ್ತರಿಸಲು ಶಾಸನಸಭೆಯ ಕಾನೂನು ಬೇಕು, ಹೊರಗಿರುವವರು ಒಳಗೆ ಬರಲು ಕೇಳಿಕೊಳ್ಳುವ ಕಾರಣ ಕಡಿಮೆ.

ಒಂದು ಯೋಜನಾ ಸಂಸ್ಥೆ ನಿಜವಾಗಿ ಕೆಲಸ ಮಾಡ್ತಿದೆಯಾ ಅಂತ ಹೊರಗಿನವರಿಗೆ ಗೊತ್ತಾಗೋದು ಹೇಗೆ?

ಮೊದಲು ಜನಸಂಖ್ಯೆಯ ಅಂದಾಜು ನೋಡಿ. ನೀರಿನ ಮಂಡಳಿ, ಸಾರಿಗೆ ನಿಗಮ, ಪಾಲಿಕೆ ಮೂರೂ 20 ವರ್ಷದ ನಂತರದ ಜನಸಂಖ್ಯೆಗೆ ಒಂದೇ ಅಂಕಿ ಬಳಸಿದ್ದಾರಾ? ಊರೂರು ಬರೆದುಕೊಂಡ ಅಂದಾಜನ್ನು ಕೂಡಿದರೆ ಇಡೀ ಪ್ರದೇಶದ ಅಂದಾಜಿಗೆ ಸಮ ಬರುತ್ತದಾ? ಹಿಡಿತ ಇಲ್ಲದ ಕಡೆ ಕೂಡಿದ ಮೊತ್ತ ಯಾವಾಗಲೂ ಜಾಸ್ತಿ ಇರುತ್ತದೆ, ಏಕೆಂದರೆ ಬೆಳೆಯುವ ಜನರೆಲ್ಲ ತನ್ನಲ್ಲಿಗೇ ಬರುತ್ತಾರೆ ಎಂದು ಪ್ರತಿ ಊರೂ ಬರೆದಿರುತ್ತದೆ.

ಆಮೇಲೆ ಕಾಮಗಾರಿ ಪಟ್ಟಿಯ ಹಳೆಯ ಮತ್ತು ಹೊಸ ಪ್ರತಿ ಪಕ್ಕಪಕ್ಕ ಇಟ್ಟುಕೊಳ್ಳಿ. ಯಾವುದಾದರೂ ಕಾಮಗಾರಿ ಹೊರಬಿದ್ದಿದೆಯಾ, ಮುಂದಕ್ಕೆ ಹೋಗಿದೆಯಾ, ಯಾಕೆ ಅಂತ ಬರೆದಿದ್ದಾರಾ? ವರ್ಷದಿಂದ ವರ್ಷಕ್ಕೆ ಪಟ್ಟಿ ಉದ್ದವಾಗುತ್ತಲೇ ಹೋಗಿದ್ದರೆ ಅಲ್ಲಿ ಯಾರೂ ಯಾರಿಗೂ "ಇಲ್ಲ" ಅಂದಿಲ್ಲ. ಕೊನೆಗೆ ನಡಾವಳಿ ಓದಿ. ಏಜೆನ್ಸಿಗಳಿಂದ ಮುಖ್ಯ ಎಂಜಿನಿಯರ್ ಬರುತ್ತಾರೋ, ಅಥವಾ ಪ್ರತಿ ಸಲ ಬೇರೊಬ್ಬ ಕಿರಿಯ ಅಧಿಕಾರಿ ಬಂದು "ಮೇಲಿನವರ ಗಮನಕ್ಕೆ ತರುತ್ತೇನೆ" ಎಂದು ಬರೆಸಿ ಹೋಗುತ್ತಾರೋ ನೋಡಿ.